ಎಲ್ಲಿಗೆ ಎಂದು ಕೇಳದೆ ಹತ್ತಿದ ರೈಲು

ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಸದ್ದು ಇವತ್ತಿಗೂ ನನ್ನನ್ನು ಒಂದು ಗಳಿಗೆ ನಿಲ್ಲಿಸಿಬಿಡುತ್ತದೆ. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಗಂಟೆಯ ಬದಲು ಮೊಳದುದ್ದದ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಜವಾನ ಅದನ್ನು ಬಡಿದಾಗಲೆಲ್ಲ ಮಕ್ಕಳು ಹೋ ಎಂದು ಹೊರಗೋಡುತ್ತಿದ್ದರು, ನಾನು ಮಾತ್ರ ಸೀಮೆಸುಣ್ಣ ಹಿಡಿದುಕೊಂಡು ನಿಂತೇ ಇರುತ್ತಿದ್ದೆ. ನನ್ನ ಮಟ್ಟಿಗೆ ಅದು ಶಾಲೆ ಬಿಟ್ಟ ಸದ್ದಲ್ಲ, ಪೊನ್ನೇರಿ ಸ್ಟೇಷನ್ನಿನಿಂದ ಒಂದು ರೈಲು ಹೊರಟ ಸದ್ದು. ಆ ರೈಲಿನಲ್ಲಿ ಕಮಲತ್ತೆ ಇರಬೇಕಾಗಿತ್ತು. ಇರಲಿಲ್ಲ. ಯಾಕೆ ಇರಲಿಲ್ಲ ಎನ್ನುವುದನ್ನು ನಾನು ಈವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ. ಕೇಳಬೇಕಾದವರು ಯಾರೂ ಈಗ ಉಳಿದಿಲ್ಲವಾದ್ದರಿಂದ ನಿಮಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ ಇದ್ದಿರಬಹುದು.

ತಿರುವಲ್ಲಿಕೇಣಿಯ ಒಂದು ಓಣಿಯಲ್ಲಿ ನಮ್ಮ ಮನೆಯಿತ್ತು. ಉದ್ದಕ್ಕೆ, ರೈಲು ಡಬ್ಬಿಯ ಹಾಗೆ, ಒಂದರ ಹಿಂದೆ ಒಂದು ಕೋಣೆ. ಕೊನೆಯಲ್ಲಿ ಬಾವಿ, ಬಾವಿಕಟ್ಟೆಯ ಪಕ್ಕ ಅಜ್ಜಿಯ ಮಡಿಬಟ್ಟೆ ಒಣಗುವ ಗಳು. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಇದ್ದರೂ ಮನೆಯೊಳಗೆ ಕನ್ನಡವೇ, ಅದರ ನಡುನಡುವೆ ತಮಿಳು, ಒಗ್ಗರಣೆಯ ಸಾಸಿವೆಯಂತೆ. ನಮ್ಮ ತಂದೆಯನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅವರು ಪ್ಯಾರೀಸ್ ಕಾರ್ನರಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಅವರ ತಂಗಿ ಕಮಲತ್ತೆ. ಹದಿನೆಂಟಕ್ಕೆ ಮದುವೆಯಾಗಿ, ಇಪ್ಪತ್ತಕ್ಕೆ ಗಂಡನನ್ನು ಕಳೆದುಕೊಂಡು, ಒಂದು ತಗಡಿನ ಟ್ರಂಕಿನೊಂದಿಗೆ ಅದೇ ಮನೆಗೆ ಮರಳಿ ಬಂದವಳು. ಅಳುತ್ತ ಕೂರುವ ಜಾತಿಯಲ್ಲ. ಅಣ್ಣನ ಬೆನ್ನುಹತ್ತಿ ಓದಿ, ಟೀಚರ್ ಟ್ರೈನಿಂಗ್ ಮುಗಿಸಿ, ಕಂಡ ಶಾಲೆಗೆಲ್ಲ ಅರ್ಜಿ ಹಾಕಿದಳು. ಐವತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ ತಿರುವಳ್ಳೂರಿನ ಹೆಣ್ಣುಮಕ್ಕಳ ಶಾಲೆಯೊಂದರಿಂದ ಕಾಗದ ಬಂತು. ಬುಧವಾರ ಮಧ್ಯಾಹ್ನ ನಾಲ್ಕರೊಳಗೆ ಬಂದು ಒಂದು ಪಾಠ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಕೆಲಸ, ಜೊತೆಗೆ ಶಾಲೆಯ ಹಿಂದೆಯೇ ಇರಲು ಒಂದು ಕೋಣೆ. ಕೆಲಸಕ್ಕಿಂತ ಆ ಕೋಣೆಯ ಮಾತನ್ನೇ ಅವಳು ಹೆಚ್ಚು ಸಲ ಓದಿದಳೆಂದು ನನಗೆ ನೆನಪು. ಅವಳಿಗೆಂದು ಒಂದು ಬಾಗಿಲು, ಅದಕ್ಕೆ ಅವಳೇ ಹಾಕುವ ಚಿಲಕ.

ಅಜ್ಜಿ ಬೇಡವೆನ್ನಲಿಲ್ಲ. ಎಲ್ಲರಿಗೂ ಆಶ್ಚರ್ಯ. ಬೇಡವೆನ್ನುವ ಬದಲು ಅವಳು ಪಂಚಾಂಗ ತೆರೆದಳು. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ಅಣ್ಣ ವಿಚಾರಿಸಿ ಬಂದಿದ್ದ ರೈಲು ಹನ್ನೆರಡು ಇಪ್ಪತ್ತಕ್ಕೆ. ಅದಕ್ಕೆ ಅಜ್ಜಿಯ ಪರಿಹಾರ ಸುಲಭ: ರಾಹು ಬರುವ ಮೊದಲೇ ರೈಲಿನಲ್ಲಿ ಹತ್ತಿ ಕೂತುಬಿಟ್ಟರೆ ಹೊರಟ ಹಾಗೇ ಲೆಕ್ಕ. ಇನ್ನೊಂದು ತೊಡಕಿತ್ತು. ಅಜ್ಜಿಯೂ ವಿಧವೆ, ಅತ್ತೆಯೂ ವಿಧವೆ. ಇಬ್ಬರೇ ಹೊಸ್ತಿಲು ದಾಟಿದರೆ ಅಪಶಕುನ. ಆದ್ದರಿಂದ ಒಂಬತ್ತು ವರ್ಷದ ನನಗೆ ಜಡೆ ಹೆಣೆದು, ಮಲ್ಲಿಗೆ ಮುಡಿಸಿ, ಮುಂದೆ ನಡೆಸಿಕೊಂಡು ಹೊರಟರು. ಕನ್ಯೆ ಎದುರಿಗಿದ್ದರೆ ಶುಭವಂತೆ. ಆ ದಿನದ ಶುಭಶಕುನ ನಾನು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ನಾನಂತೂ ಮರೆತಿಲ್ಲ.

ಇವೆಲ್ಲಕ್ಕಿಂತ ಮೇಲಿನದು ನಮ್ಮ ಮನೆಯ ಒಂದು ಕಟ್ಟುನಿಟ್ಟು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಿತು. ತೀರಾ ಕೇಳಲೇಬೇಕಾದರೆ ‘ದೂರಾನಾ?’ ಎನ್ನಬೇಕು. ಅಣ್ಣ ಕಚೇರಿಗೆ ಹೊರಟಾಗ ನಾನು ಬಾಯ್ತಪ್ಪಿ ಎಲ್ಲಿಗೆ ಎಂದು ಕೇಳಿ ಎಷ್ಟೋ ಸಲ ತಲೆಗೆ ಮೊಟಕಿಸಿಕೊಂಡಿದ್ದೆ. ಅಣ್ಣ ಪಾಪ ಚಪ್ಪಲಿ ಬಿಚ್ಚಿ, ಒಳಗೆ ಬಂದು, ನೀರು ಕುಡಿದು, ಮತ್ತೆ ಹೊರಡಬೇಕಾಗುತ್ತಿತ್ತು. ಜಟಕಾದಲ್ಲಿ ಸೆಂಟ್ರಲ್ ಸ್ಟೇಷನ್ನಿಗೆ ಬರುವಷ್ಟರಲ್ಲಿ ಗಡಿಯಾರ ಗೋಪುರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಗೇಟಿನಲ್ಲಿ ಟಿಕೆಟಿನ ಮೂಲೆ ಕತ್ತರಿಸಿಕೊಂಡು ಒಳಗೆ ಹೋದರೆ, ಮೂರ್ ಮಾರ್ಕೆಟ್ ಕಡೆಯ ಪ್ಲಾಟ್‌ಫಾರಮ್ಮಿನಲ್ಲಿ ಒಂದು ಗಾಡಿ ಹೊಗೆಯುಗುಳುತ್ತ ನಿಂತಿತ್ತು. ಅಮಾವಾಸ್ಯೆಗಳಲ್ಲಿ ತಿರುವಳ್ಳೂರಿನ ದೇವರಿಗೆ ಹೋಗುವಾಗ ಅಜ್ಜಿ ಹತ್ತುತ್ತಿದ್ದದ್ದು ಅಲ್ಲಿಂದಲೇ. ಅತ್ತೆ ಮಾತ್ರ, ಎಷ್ಟಾದರೂ ಓದಿದವಳು, ಈ ಗಾಡಿ ಎಲ್ಲಿಗೆಂದು ಕೇಳಲು ಕೂಲಿಯವನ ಕಡೆ ತಿರುಗಿ ಬಾಯಿ ತೆರೆದಳು.

“ಏ ಕಮಲೂ, ಬಾಯ್ಮುಚ್ಚು. ಒಳ್ಳೆ ಕೆಲಸಕ್ಕೆ ಹೊರಟು ಎಲ್ಲಿಗೆ ಗಿಲ್ಲಿಗೆ ಅಂತ ನೀನೇ ಕೇಳ್ತೀಯಾ? ಬೇಗ ಹತ್ತು, ಸೀಕ್ರಂ, ರಾಹು ಬಂದ್ಬಿಡ್ತಾನೆ.”

“ಅಮ್ಮ, ನಾನು ನನ್ನನ್ನ ಕೇಳ್ಕೊಳ್ತಿಲ್ಲ, ಗಾಡೀನ ಕೇಳ್ತಿದ್ದೀನಿ.”

“ಎರಡೂ ಒಂದೇ. ಗಾಡಿ ಹೋದಲ್ಲಿಗೆ ತಾನೇ ನೀನು ಹೋಗೋದು?”

ಈ ತರ್ಕಕ್ಕೆ ಅತ್ತೆ ನಕ್ಕುಬಿಟ್ಟಳು. ಆ ನಗೆಯಲ್ಲೇ ನಾವು ಮೂವರೂ ಹತ್ತಿ ಕೂತೆವು. ಮಸಿ ಬೀಳದಿರಲೆಂದು ಅಜ್ಜಿ ನಮ್ಮ ಪಕ್ಕದ ಕಿಟಕಿಯ ಮರದ ಶಟರ್ ಎಳೆಸಿದಳು. ಕೂತು ಐದು ನಿಮಿಷವಾಗಿತ್ತೋ ಇಲ್ಲವೋ, ಗಾಡಿ ಕದಲಿತು. “ಇಷ್ಟು ಬೇಗ ಯಾಕೆ ಹೊರಡ್ತು?” ಎಂದು ಅತ್ತೆ ಹುಬ್ಬು ಗಂಟಿಕ್ಕಿದಳು. ಅಜ್ಜಿಯ ಮುಖ ಅರಳಿತ್ತು. “ನೋಡಿದೆಯಾ, ಒಳ್ಳೆ ಗಳಿಗೇಲಿ ಹತ್ತಿದರೆ ರೈಲೂ ರಾಹುಕಾಲ ತಪ್ಪಿಸ್ಕೊಂಡು ಓಡತ್ತೆ.”

ಬೇಸಿನ್ ಬ್ರಿಡ್ಜ್ ಸ್ಟೇಷನ್ನಿನವರೆಗೆ ಎರಡೂ ಕಡೆಯ ಗಾಡಿಗಳಿಗೆ ಒಂದೇ ದಾರಿ. ಅಲ್ಲಿಂದ ಮುಂದೆ ಎಡಕ್ಕೆ ತಿರುಗಿದರೆ ಪೆರಂಬೂರು, ಆವಡಿ, ತಿರುವಳ್ಳೂರು. ನೇರ ಬಡಗಲಿಗೆ ಹೋದರೆ ತಿರುವೊಟ್ಟಿಯೂರು, ಎಣ್ಣೂರು, ಪೊನ್ನೇರಿ, ಆಮೇಲೆ ಆಂಧ್ರದ ಗೂಡೂರು. ಆ ತಿರುವನ್ನು ನೋಡುವ ಕಣ್ಣು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಶಟರ್ ಮುಚ್ಚಿತ್ತು. ಎದುರು ಬಾಗಿಲಲ್ಲಿ, ಬೇಸಿನ್ ಬ್ರಿಡ್ಜಿನಲ್ಲಿ ಹತ್ತಿದ ಮೀನಿನ ಹೆಂಗಸರು ಖಾಲಿ ಬುಟ್ಟಿಗಳನ್ನಿಟ್ಟುಕೊಂಡು ಅಡ್ಡವಾಗಿ ಕೂತಿದ್ದರು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೈಯನ್ನು ಹಿಡಿಯಷ್ಟು ಮಾಡಿಕೊಂಡಿದ್ದಳು. ಅತ್ತೆ ಮಡಿಲಲ್ಲಿ ಪುಸ್ತಕ ಬಿಚ್ಚಿ, ತಾನು ಮಾಡಿ ತೋರಿಸಬೇಕಾದ ಪಾಠವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಭೂಗೋಳದ ಪಾಠ. ದಿಕ್ಕುಗಳೂ ನದಿಗಳೂ. ಈಗ ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಮೀನಿನ ಹೆಂಗಸರಲ್ಲಿ ವಯಸ್ಸಾದವಳೊಬ್ಬಳು, ಎಲೆ ಅಡಿಕೆಯಿಂದ ಬಾಯಿ ಕೆಂಪಾದವಳು, ನಮ್ಮನ್ನೇ ನೋಡುತ್ತಿದ್ದಳು. ಆ ಗಾಡಿಯಲ್ಲಿ ನಮ್ಮಂಥವರು ಅಪರೂಪವೇನೋ. ಕೊನೆಗೆ ಸ್ನೇಹದಿಂದಲೇ ಕೇಳಿದಳು: “ಎಂಗ ಪೋರೀಂಗ, ಆಯಾ?” ಎಲ್ಲಿಗೆ ಹೋಗ್ತಿದ್ದೀರಿ ಅಜ್ಜೀ ಎಂದು. ಅಜ್ಜಿಗೆ ಕಾದ ಕಬ್ಬಿಣ ಮುಟ್ಟಿದಂತಾಯಿತು. ನನ್ನ ತೊಡೆ ಜಿಗುಟಿ, ಉತ್ತರ ಹೇಳಬೇಡವೆಂದು ಕಣ್ಣಲ್ಲೇ ಗದರಿಸಿ, ಮುಖ ತಿರುಗಿಸಿಕೊಂಡಳು. ಅತ್ತೆ ಪುಸ್ತಕದಿಂದ ತಲೆಯೆತ್ತಲಿಲ್ಲ. ಆ ಹೆಂಗಸು ತಪ್ಪು ತಿಳಿದುಕೊಂಡಿರಬೇಕು, ತನ್ನ ಜಾತಿಗೆ, ತನ್ನ ಬುಟ್ಟಿಯ ವಾಸನೆಗೆ ಇವರು ಮಾತಾಡುವುದಿಲ್ಲವೆಂದು. ಆಮೇಲೆ ಅವಳು ನಮ್ಮ ಕಡೆ ನೋಡಲೇ ಇಲ್ಲ. ತಿರುವಳ್ಳೂರು ಎಂಬ ಒಂದು ಮಾತು ಆಗ ನಮ್ಮ ಯಾರ ಬಾಯಿಂದಾದರೂ ಬಿದ್ದಿದ್ದರೆ, ಅವಳೇ ಕೈಹಿಡಿದು ಮುಂದಿನ ಸ್ಟೇಷನ್ನಿನಲ್ಲಿ ಇಳಿಸುತ್ತಿದ್ದಳು. ಅಲ್ಲಿಂದ ಜಟಕಾ ಹಿಡಿದು ಬೇಸಿನ್ ಬ್ರಿಡ್ಜಿಗೆ ವಾಪಸು ಓಡಿದ್ದರೆ ನಮ್ಮ ಹನ್ನೆರಡು ಇಪ್ಪತ್ತರ ಗಾಡಿಯೇ ಸಿಗುತ್ತಿತ್ತೋ ಏನೋ.

ಎಣ್ಣೂರಿನಲ್ಲಿ ಆ ಹೆಂಗಸರೆಲ್ಲ ಇಳಿದರು. ಬಾಗಿಲು ಖಾಲಿಯಾಯಿತು. ಗಾಡಿ ಮತ್ತೆ ಹೊರಟು ಸ್ವಲ್ಪ ದೂರ ಹೋದದ್ದೇ ತಂಪಾದ ಉಪ್ಪುಗಾಳಿ ಒಳಗೆ ನುಗ್ಗಿತು. ಚಕ್ರಗಳ ಸದ್ದು ಟೊಳ್ಳಾಯಿತು. ಬಗ್ಗಿ ನೋಡಿದೆ. ಸೇತುವೆ. ಎರಡು ಕಡೆಯೂ ನೀರು, ಆಚೆಗೆ ಬಿಳಿ ಉಪ್ಪಿನ ರಾಶಿಗಳು. “ಅತ್ತೇ, ಸಮುದ್ರ!” ಎಂದು ಕಿರುಚಿದೆ. ಅತ್ತೆ ನಿಧಾನವಾಗಿ ಪುಸ್ತಕ ಮುಚ್ಚಿದಳು. ತಿರುವಳ್ಳೂರಿನ ದಾರಿಯಲ್ಲಿ ಸಮುದ್ರದ ಹಿನ್ನೀರಿಲ್ಲವೆಂದು ಹೇಳಲು ಅವಳಿಗೆ ಯಾವ ಭೂಗೋಳವೂ ಬೇಕಿರಲಿಲ್ಲ. ಮೂಲೆಯಲ್ಲಿ ತೂಕಡಿಸುತ್ತಿದ್ದ ಒಬ್ಬರನ್ನು ಎಬ್ಬಿಸಿ ಕೇಳಿದಳು. ಅವರು ಕಣ್ಣುಜ್ಜಿಕೊಂಡು, “ತಿರುವಳ್ಳೂರಾ? ಇದು ಗೂಡೂರು ಪ್ಯಾಸೆಂಜರ್ ಅಮ್ಮಾ” ಎಂದರು.

ಅಜ್ಜಿ ಸರಪಳಿ ಎಳೆಯಲು ಎದ್ದೇಬಿಟ್ಟಳು. ಅತ್ತೆ ಕೈಹಿಡಿದು ಕೂರಿಸಿದಳು: “ಅಮ್ಮ, ಸೇತುವೆ ಮೇಲೆ ನಿಲ್ಲಿಸಿ ನೀರಿಗೆ ಇಳೀತೀಯಾ? ತಪ್ಪು ಗಾಡಿ ಹತ್ತಿದ್ದಕ್ಕೆಲ್ಲ ಸರಪಳಿ ಎಳೀಬಾರ್ದು.” ಮುಂದಿನ ಸ್ಟೇಷನ್ ಅತ್ತಿಪಟ್ಟು ಬಂತು. ಇಲ್ಲೇ ಇಳಿಯೋಣ, ತಪ್ಪು ದಾರಿಯಲ್ಲಿ ಇನ್ನೊಂದು ಹೆಜ್ಜೆಯೂ ಬೇಡ ಎಂದು ಅಜ್ಜಿಯ ಹಟ. ಹೊರಗೆ ತಾಳೆಮರಗಳು, ಬಿಸಿಲು, ಮತ್ತೇನಿಲ್ಲ. ಮೂಲೆಯಲ್ಲಿದ್ದ ಆ ಪ್ರಯಾಣಿಕರೇ, ಇಲ್ಲಿ ಇಳಿದರೆ ನೆರಳೂ ಇಲ್ಲ ನೀರೂ ಇಲ್ಲ, ಮೀಂಜೂರಿನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಅಲ್ಲಿ ಗಾರ್ಡನ್ನು ಕೇಳಿ ಎಂದರು. ಅದು ಸರಿಯಾದ ಮಾತೇ. ಮೀಂಜೂರು ಬಂದ ಕೂಡಲೇ ಅತ್ತೆ ನನ್ನ ಕೈಹಿಡಿದುಕೊಂಡು ಗಾಡಿಯ ಬಾಲದವರೆಗೆ ಓಡಿದಳು. ಅಲ್ಲಿ ಕೊನೆಯ ಡಬ್ಬಿಯ ಬಾಗಿಲಲ್ಲಿ, ಕಂಕುಳಲ್ಲಿ ಹಸಿರು ಕೆಂಪು ಬಾವುಟ ಸಿಕ್ಕಿಸಿಕೊಂಡು, ಬಿಳಿ ಬಟ್ಟೆಯ ಗಾರ್ಡ್ ನಿಂತಿದ್ದರು. ಒಳ್ಳೆಯ ಮನುಷ್ಯ. ಗದರಲಿಲ್ಲ, ನಗಲಿಲ್ಲ. ಟಿಕೆಟುಗಳನ್ನು ನೋಡಿ, ಇವರು ತಪ್ಪಿ ಹತ್ತಿದ್ದಾರೆ, ಮೋಸವಿಲ್ಲ, ದಂಡ ಹಾಕದೆ ಹಿಂದಿರುಗಲು ಬಿಡುವುದು ಎಂದು ಒಂದು ಚೀಟಿ ಬರೆದು, ರುಜು ಹಾಕಿ ಕೊಟ್ಟರು. ಆಮೇಲೆ ತಮಿಳಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು.

ಇದು ಒಂಟಿ ಹಳಿಯ ದಾರಿ. ಎದುರಿನಿಂದ ಮದರಾಸಿಗೆ ಹೋಗುವ ಪ್ಯಾಸೆಂಜರ್ ಬರುತ್ತಿದೆ. ಅದು ಪೊನ್ನೇರಿಯಲ್ಲಿ ಪಕ್ಕದ ಹಳಿಯಲ್ಲಿ ನಿಂತು ನಮ್ಮ ಗಾಡಿಗೆ ದಾರಿ ಕೊಡುತ್ತದೆ. ಮೀಂಜೂರಿನಲ್ಲೇ ಇಳಿದು ಕೂತರೆ ಅದೇ ಗಾಡಿ ಮುಕ್ಕಾಲು ಗಂಟೆಯಲ್ಲಿ ಇಲ್ಲಿಗೇ ಬರುತ್ತದೆ. ಸೆಂಟ್ರಲ್‌ವರೆಗೆ ಹೋಗಬೇಡಿ, ಬೇಸಿನ್ ಬ್ರಿಡ್ಜಿನಲ್ಲೇ ಇಳಿದು, ಎರಡೂವರೆ ಹೊತ್ತಿಗೆ ಬರುವ ಅರಕ್ಕೋಣಂ ಲೋಕಲ್ ಹತ್ತಿದರೆ ಮೂರೂಮುಕ್ಕಾಲಿಗೆ ತಿರುವಳ್ಳೂರು.

ನಾಲ್ಕರೊಳಗೆ! ಅತ್ತೆಯ ಮುಖಕ್ಕೆ ಕಳೆ ಬಂತು. ಆದರೆ ಓಡಿ ಬಂದು ಅವಳು ಮಾಡಿದ ತೀರ್ಮಾನವೇ ಬೇರೆ. “ಇಲ್ಲಿ ಕಾಯೋದು ಬೇಡ ಅಮ್ಮ. ಪೊನ್ನೇರಿಗೇ ಹೋಗಿ ಹತ್ತೋಣ. ಕೈಗೆ ಸಿಕ್ಕಿದ್ದನ್ನ ಅಲ್ಲೇ ಹಿಡ್ಕೊಂಡ್ಬಿಡೋಣ.” ಯೋಚಿಸಿ ನೋಡಿ, ಎಲ್ಲಿ ಹತ್ತಿದರೂ ಅದೇ ಗಾಡಿ, ಬೇಸಿನ್ ಬ್ರಿಡ್ಜ್ ಮುಟ್ಟುವುದು ಅದೇ ಹೊತ್ತಿಗೆ. ಪೊನ್ನೇರಿಗೆ ಹೋಗಿ ಒಂದು ನಿಮಿಷದ ಲಾಭವಿಲ್ಲ. ಆದರೆ ಹಾಗೆ ಕೈಕಟ್ಟಿ ಕೂತು ಕಾಯಲು ಅವಳಿಂದಾಗಲಿಲ್ಲ. ನಾಲ್ಕು ವರ್ಷ ಹಿತ್ತಲ ಕೋಣೆಯಲ್ಲಿ ಕಾದವಳು. ಎದುರಿಗೆ ಹೋಗಿಯೇ ಹಿಡಿಯಬೇಕೆನಿಸಿತು ಅವಳಿಗೆ. ಅಜ್ಜಿ ಗೊಣಗಿದಳು, ನಾವು ಇಳಿಯಲಿಲ್ಲ.

ಪೊನ್ನೇರಿಯಲ್ಲಿ ಎದುರಿನ ಗಾಡಿ ಆಗಲೇ ಬಂದು ಪ್ಲಾಟ್‌ಫಾರಮ್ಮಿನ ಹಳಿಯಲ್ಲಿ ನಿಂತಿತ್ತು. ನಮ್ಮದು ಆಚೆಯ ಹಳಿಗೆ ಸೇರಿಕೊಂಡಿತು. ಅಲ್ಲಿ ಪ್ಲಾಟ್‌ಫಾರಂ ಇಲ್ಲ, ಬರೀ ಜಲ್ಲಿ. ನಮ್ಮ ಎಂಜಿನ್ನಿನವನು ಬಿದಿರಿನ ದೊಡ್ಡ ಬಳೆಯೊಂದನ್ನು ಕೆಳಕ್ಕೆ ಎಸೆದದ್ದನ್ನು ಕಂಡೆ. ಅದರ ಚೀಲದಲ್ಲಿ ಒಂದು ಕಬ್ಬಿಣದ ಗುಂಡು. ಆ ಗುಂಡು ಸ್ಟೇಷನ್ ಮಾಸ್ತರರ ಕೋಣೆಯ ಯಂತ್ರದೊಳಗೆ ಹೋದರೆ, ಮೀಂಜೂರಿನವರೆಗಿನ ಹಳಿ ಖಾಲಿಯೆಂದು ಅರ್ಥ; ಆಗ ಎದುರಿನ ಗಾಡಿಗೆಂದು ಇನ್ನೊಂದು ಗುಂಡು ಹೊರಗೆ ಬರುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಂದರೆ ನಾವು ಬಂದು ಮುಟ್ಟುವುದಕ್ಕೇ ಅದು ಕಾದಿತ್ತು, ನಾವು ಮುಟ್ಟಿದ್ದೇ ಅದಕ್ಕೆ ಹೊರಡಲು ಅಪ್ಪಣೆ. ಅತ್ತೆ ಜಲ್ಲಿಯ ಮೇಲೆ ಹಾರಿ, ನನ್ನನ್ನು ಇಳಿಸಿ, ಯಾರದೋ ಸಹಾಯದಿಂದ ಅಜ್ಜಿಯನ್ನೂ ಇಳಿಸಿದಳು. ಎರಡು ಗಾಡಿಗಳ ನಡುವಿನ ಓಣಿ ಕಾವಲಿಯಂತೆ ಕಾದಿತ್ತು. ಕೆಳಗಿನಿಂದ ನೋಡಿದರೆ ಎದುರು ಗಾಡಿಯ ಬಾಗಿಲು ಅಜ್ಜಿಯ ತಲೆಗಿಂತ ಎತ್ತರ. ಅತ್ತೆ ಕಂಬಿ ಹಿಡಿದು ಹತ್ತಿ, ಬಗ್ಗಿ ಕೈಚಾಚಿದಳು. ಅಜ್ಜಿ ಕಚ್ಚೆಯ ಸೀರೆಯಲ್ಲಿ ಒಂದು ಕಾಲನ್ನು ಮೆಟ್ಟಿಲಿಗೆ ಎತ್ತಲು ನೋಡಿದಳು. ಎತ್ತಲಾಗಲಿಲ್ಲ. ಇನ್ನೊಂದು ಸಲ. ಆಗಲಿಲ್ಲ. ಗಾಡಿಯ ಬಾಲ ಸುತ್ತಿ ಪ್ಲಾಟ್‌ಫಾರಮ್ಮಿಗೆ ಹೋಗೋಣವೆಂದರೆ ಅದೆಷ್ಟೋ ಡಬ್ಬಿಗಳಾಚೆ. ಅಷ್ಟರಲ್ಲಿ ಸ್ಟೇಷನ್ನಿನಲ್ಲಿ ತೂಗುಹಾಕಿದ್ದ ಕಂಬಿಯ ತುಂಡನ್ನು ಬಡಿದರು. ಠಣ್, ಠಣ್.

ಆಗ ಅಜ್ಜಿ ಹಿಂದಕ್ಕೆ ಸರಿದು ನಿಂತಳು. ಜೀವಮಾನವಿಡೀ ಒಬ್ಬಂಟಿ ಹೆಣ್ಣು ಬೀದಿ ತಿರುವು ದಾಟಿದರೆ ಸಹಿಸದಿದ್ದ ನನ್ನ ಅಜ್ಜಿ ಹೇಳಿದಳು, “ನೀ ಹೋಗು ಕಮಲೂ. ನಾವು ಮುಂದಿನ ಗಾಡೀಲಿ ಬರ್ತೀವಿ. ಮನೆಗೆ ಹೋಗೋದು ನನಗೆ ಗೊತ್ತು. ನೀ ಹೋಗು.”

ಗಾರ್ಡಿನ ಸೀಟಿ ಕೇಳಿಸಿತು. ಅತ್ತೆ ಅಜ್ಜಿಯನ್ನು ನೋಡಿದಳು, ಹೂಂ ಎಂಬಂತೆ ತಲೆಯಾಡಿಸಿದಳು. ಅವಳು ಹೋಗುವುದೆಂದು ತೀರ್ಮಾನ ಮಾಡಿಯಾಗಿತ್ತು, ಅವಳ ಮುಖ ನನಗೆ ಕಾಣುತ್ತಿತ್ತು. ಆಗಲೇ ನಾನು ಕೆಳಗೆ ಜೋತುಬಿದ್ದಿದ್ದ ಅವಳ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿಕೊಂಡೆ. “ಬಿಟ್ಟು ಹೋಗ್ಬೇಡ ಅತ್ತೆ, ಪೋಗಾದೆ, ಹೋಗ್ಬೇಡ.” ಅಳು ಬಂದರೆ ನನಗೆ ಭಾಷೆ ಕಲಸಿಹೋಗುತ್ತಿತ್ತು. ಅಜ್ಜಿ ನನ್ನ ಬೆರಳು ಬಿಡಿಸಲು ನೋಡಿದಳು, ನಾನು ಬಿಡಲಿಲ್ಲ. ಗಾಡಿ ಒಮ್ಮೆ ಜಗ್ಗಿ ಕದಲಿತು. ಅತ್ತೆ ಇಳಿದಳು. ಹಾರಿದಳು ಎನ್ನಲಾರೆ, ಆಯಾಸದಿಂದ ಮಂಚ ಇಳಿಯುವವರಂತೆ ಇಳಿದಳು. ನನ್ನನ್ನು ಎತ್ತಿಕೊಂಡು ಚಕ್ರಗಳಿಂದ ದೂರ ನಿಂತಳು. ಡಬ್ಬಿಗಳು ಒಂದೊಂದಾಗಿ ಹೋಗಿ ಮುಗಿದಾಗ ಎದುರಿಗೆ ಖಾಲಿ ಪ್ಲಾಟ್‌ಫಾರಂ, ಒಂದು ಬೆಂಚು, ಬೇವಿನ ಮರ ಕಂಡವು.

ಮುಂದಿನ ಗಾಡಿ ನಾಲ್ಕೂವರೆಗೆ ಎಂದರು. ಬಸ್ಸಿನಲ್ಲಿ ತಿರುವಳ್ಳೂರಿಗೆ ಹೋಗಬಹುದೇ ಎಂದು ಅತ್ತೆ ಕೇಳಿದಳು. ಊರು ಊರು ಸುತ್ತಿ, ಎರಡು ಕಡೆ ಬದಲಿಸಿ, ಸಂಜೆಯಾಗುತ್ತದೆ ಎಂದರು ಸ್ಟೇಷನ್ ಮಾಸ್ತರರು. ಚೀಟಿ ನೋಡಿ ಟಿಕೆಟಿನ ಬೆನ್ನಿಗೆ ಮುದ್ರೆ ಒತ್ತಿಕೊಟ್ಟರು. ನಾವು ಬೆಂಚಿನ ಮೇಲೆ ಕೂತೆವು. ಮೂರು ಗಂಟೆಗೂ ಹೆಚ್ಚು ಹೊತ್ತು. ಮೊಸರನ್ನದ ಡಬ್ಬಿ ಬಿಚ್ಚಿ ಅತ್ತೆ ನನಗೆ ಕೈತುತ್ತು ಹಾಕಿದಳು, ತಾನು ತಿನ್ನಲಿಲ್ಲ. ಪರಸ್ಥಳದಲ್ಲಿ ನೀರೂ ಮುಟ್ಟದ ಅಜ್ಜಿ ಬೇವಿನ ಮರವನ್ನೇ ನೋಡುತ್ತಿದ್ದಳು. ಬಿಸಿಲಲ್ಲಿ ಹಳಿಗಳು ಹೊಳೆಯುತ್ತಿದ್ದವು, ದೂರದಲ್ಲಿ ಎಮ್ಮೆಗಳು ಕೆರೆಯಲ್ಲಿ ಕೂತಿದ್ದವು. ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಅಜ್ಜಿ, “ಆ ಮೀನಿನವಳು ಕೇಳಿದಾಗಲಾದರೂ ಹೇಳಬಹುದಾಗಿತ್ತು” ಎಂದಳು. ಅತ್ತೆ ತನ್ನ ಕೈಯನ್ನು ಅಜ್ಜಿಯ ಕೈಮೇಲಿಟ್ಟು, “ಮೀಂಜೂರಲ್ಲಿ ಸುಮ್ಮನೆ ಕೂತಿದ್ದರೆ ಅದೇ ಗಾಡಿ ನಮ್ಮ ಹತ್ರ ಬರ್ತಿತ್ತು ಬಿಡಮ್ಮ” ಎಂದಳು. ತಪ್ಪನ್ನು ಅಜ್ಜಿ ತನ್ನ ಮೇಲೆ ಎಳೆದುಕೊಂಡಳು, ಅತ್ತೆ ತನ್ನ ಮೇಲೆ. ಸೆರಗು ಹಿಡಿದದ್ದರ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತಿ ಎರಡು ಬಿಗಿದಿದ್ದರೆ ಚೆನ್ನಾಗಿತ್ತು.

ಅತ್ತೆ ಶಾಲೆಗೆ ನಡೆದದ್ದನ್ನೆಲ್ಲ ಬರೆದಳು. ಆ ಜಾಗಕ್ಕೆ ಬೇರೆಯವರು ಬಂದಾಯಿತೆಂದು ಒಂದು ಕಾರ್ಡು ಬಂತು. ಆಮೇಲೆ ಅಜ್ಜಿಯ ಕಾಲು ಬಿದ್ದುಹೋಯಿತು, ನನ್ನ ಅಮ್ಮನ ಬಾಣಂತನ ಬಂತು, ಒಂದಲ್ಲ ಒಂದು. ಮನೆಯಲ್ಲಿ ಯಾರೂ ಅವಳನ್ನು ತಡೆಯಲಿಲ್ಲ, ಕಳಿಸಲೂ ಇಲ್ಲ. ಅವಳು ಮಾಡಿ ತೋರಿಸಬೇಕಾಗಿದ್ದ ಪಾಠವನ್ನೆಲ್ಲ ಬಾವಿಕಟ್ಟೆಯ ಮೇಲೆ ನನಗೆ ಹೇಳಿಕೊಟ್ಟಳು. ಹಾಗಾಗಿ ನಾನು ಟೀಚರಾದೆ. ನನಗೆ ಮೊದಲ ಕೆಲಸ ಸಿಕ್ಕ ದಿನ ಅವಳು ಮನೆಮಂದಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಪಾಲಿನದನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ, ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಆಪರೇಷನ್ನಿಗೆಂದು ಒಂದು ಬೆಳಿಗ್ಗೆ ಅಣ್ಣ ಟ್ಯಾಕ್ಸಿ ತಂದರು. ಎಂಟು ಗಂಟೆಯ ಬಿಸಿಲು ಓಣಿಗೆ ಬಿದ್ದಿತ್ತು. ಅದೇ ತಗಡಿನ ಟ್ರಂಕನ್ನು ಮುಂದಿಟ್ಟು, ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಅಮ್ಮ, ನಾನು, ಪಕ್ಕದ ಮನೆಯವರು, ಎಲ್ಲರೂ ಬಾಗಿಲಲ್ಲಿ ಬಾಯಿಕಟ್ಟಿದವರಂತೆ ನಿಂತಿದ್ದೆವು. ಪಂಚಾಂಗದ ಅಜ್ಜಿ ಹೋದರೂ ಅವಳ ಕಟ್ಟು ಆ ಹೊಸ್ತಿಲಲ್ಲೇ ಕೂತಿತ್ತು. ಅತ್ತೆ ಕಿಟಕಿಯಿಂದ ಕೈಯಾಡಿಸಿ ನನ್ನನ್ನು ಹತ್ತಿರ ಕರೆದಳು. ಮುಖ ಬತ್ತಿಹೋಗಿತ್ತು, ಕಣ್ಣಲ್ಲಿ ಮಾತ್ರ ಸೆಂಟ್ರಲ್ ಸ್ಟೇಷನ್ನಿನ ಆ ಹಳೆಯ ನಗೆ.

“ಕೇಳೇ. ಈಗಲಾದರೂ ಯಾರಾದರೂ ಕೇಳ್ರೇ.”

ನನಗೆ ಅರ್ಥವಾಯಿತು. ಹಿಂದೆ ನಿಂತಿದ್ದ ಅಮ್ಮ ಶ್ ಎಂದರೂ ಕೇಳಿದೆ. “ಎಲ್ಲಿಗೆ ಹೋಗ್ತಿದ್ದೀಯ ಅತ್ತೆ?”

“ತಿರುವಳ್ಳೂರಿಗೆ” ಎಂದಳು. “ನಾಲ್ಕರೊಳಗೆ ಹೋಗ್ಬೇಕು.”

ಅವಳ ಸೆರಗಿನ ತುದಿ ಟ್ಯಾಕ್ಸಿಯ ಬಾಗಿಲಿಗೆ ಸಿಕ್ಕಿಕೊಂಡು ಹೊರಗೆ ಜೋತುಬಿದ್ದಿತ್ತು. ನಾನು ಬಾಗಿಲು ತೆರೆದು, ಅದನ್ನು ಮಡಚಿ ಅವಳ ಮಡಿಲಿಗೆ ಹಾಕಿ, ಬಾಗಿಲು ಮುಚ್ಚಿದೆ.